ತಟ್ಟೆ ಬಾರಿಸಿದ ಪರೀಕ್ಷೆ

ಇಲಾಖೆಯ ಸಭಾಂಗಣದ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರವಿತ್ತು. ಅದರಲ್ಲಿ ಎರಡು ವರ್ಷದ ಮಗುವೊಂದು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಅದರ ಬೆನ್ನ ಹಿಂದೆ ಒಬ್ಬ ನೌಕರ ಸ್ಟೀಲ್ ತಟ್ಟೆಯನ್ನೂ ಚಮಚವನ್ನೂ ಎತ್ತಿ ಹಿಡಿದು ನಗುತ್ತಿದ್ದ. ಕೆಳಗೆ ಬರೆದಿತ್ತು: ‘ಎಂಟು ಸಾವಿರ ಮಕ್ಕಳು ಕೇಳಿಸಿಕೊಂಡರು.’

ಕಿವಿ ಕೇಳದ ಮಕ್ಕಳಿಗೆ ಇಲಾಖೆ ಶ್ರವಣಯಂತ್ರ ಹಂಚಿದ ಕಾರ್ಯಕ್ರಮದ ಈ ವಾಕ್ಯ ನಿಜವೇ ಎಂದು ಪರೀಕ್ಷಿಸುವ ಕೆಲಸ ಮೌಲ್ಯಮಾಪಕಿಯ ಪಾಲಿಗೆ ಬಂದಿತು. ಕಚೇರಿಯಲ್ಲಿ ಅವರಿಗೆ ‘ಆಮೇಲಮ್ಮ’ ಎಂಬ ಅಡ್ಡಹೆಸರಿತ್ತು. ಯಾರು ಯಾವ ಸಾಧನೆಯನ್ನು ಹೇಳಿದರೂ ಅವರು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ “ಆಮೇಲೆ?” ಎಂದು ಕೇಳುತ್ತಿದ್ದರು. ಶೌಚಾಲಯ ಕಟ್ಟಿದೆವು ಎಂದರೆ, ಆಮೇಲೆ? ಪುಸ್ತಕ ಹಂಚಿದೆವು ಎಂದರೆ, ಆಮೇಲೆ? ಕೊಟ್ಟದ್ದೇ ಒಂದು ಸಂಗತಿ, ಕೊಟ್ಟದ್ದರಿಂದ ಬದುಕಿನಲ್ಲಿ ಆದದ್ದೇ ಬೇರೊಂದು ಸಂಗತಿ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಜಾಣರಲ್ಲ, ಅಪ್ರಾಮಾಣಿಕರು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

“ಮೇಡಂ, ಈ ಸಲ ನಿಮ್ಮ ‘ಆಮೇಲೆ’ಗೆ ನಾವೇ ಉತ್ತರ ಇಟ್ಟಿದ್ದೀವಿ,” ಎಂದರು ನಿರ್ದೇಶಕರು, ಚಹಾದ ಲೋಟವನ್ನು ಅವರತ್ತ ಸರಿಸುತ್ತಾ. “ಬರೀ ಮೆಷಿನ್ ಕೊಟ್ಟು ಕೈ ತೊಳ್ಕೊಂಡಿಲ್ಲ. ಕೊಟ್ಟ ಕೂಡ್ಲೇ ಅಲ್ಲೇ ಪರೀಕ್ಷೆ. ಹಿಂದಿನಿಂದ ತಟ್ಟೆ ಬಾರಿಸ್ತೀವಿ. ಮಗು ತಿರುಗಿದ್ರೆ ‘ಕೇಳಿಸಿತು’ ಅಂತ ಗುರುತು. ನೂರಕ್ಕೆ ತೊಂಬತ್ತೈದು ಮಕ್ಕಳು ತಿರುಗಿದ್ರು. ಕೊಟ್ಟದ್ದೂ ಇದೆ, ಆದದ್ದೂ ಇದೆ. ಇನ್ನೇನು ಬೇಕು?”

“ಮನೆಗೆ ಹೋದ ಮೇಲೆ ಏನಾಯ್ತು ಅಂತ ಬೇಕು.”

“ಅಯ್ಯೋ, ನಿಮಗೆ ಮದುವೆ ಊಟ ಬಡಿಸಿದ್ರೂ ಜೀರ್ಣ ಆಯ್ತೋ ಇಲ್ವೋ ಅಂತ ಮಾರನೇ ದಿನ ಕೇಳೋಕೆ ಹೋಗ್ತೀರ!”

“ಊಟ ಹಾಕಿದ್ದು ಹೊಟ್ಟೆ ತುಂಬಲಿ ಅಂತ ತಾನೇ ಸಾರ್?”

ನಿರ್ದೇಶಕರು ನಕ್ಕರು. ಅವರು ಕೆಟ್ಟವರಾಗಿರಲಿಲ್ಲ, ಗೋಡೆಯ ಮೇಲಿನ ವಾಕ್ಯವನ್ನು ಮನಸಾರೆ ನಂಬಿದ್ದರು.

ಆ ದಿನವೇ ಆಮೇಲಮ್ಮ ತಮ್ಮ ಕೋಣೆಯ ಹಲಗೆಯ ಮೇಲೆ ಕಾರ್ಯಕ್ರಮದ ತರ್ಕವನ್ನು ಪೆಟ್ಟಿಗೆಗಳಾಗಿ ಬರೆದರು. ಎಡತುದಿಯಲ್ಲಿ ಹಾಕಿದ ಹಣ ಮತ್ತು ಜನ. ಅದರ ಪಕ್ಕದಲ್ಲಿ ಮಾಡಿದ ಕೆಲಸ, ಅಂದರೆ ಶಿಬಿರ, ತಪಾಸಣೆ, ಯಂತ್ರ ಬಿಗಿಯಾಗಿ ಕೂರಲು ಕಿವಿಯ ಅಳತೆಗೆ ಅಚ್ಚು ತೆಗೆಯುವುದು. ಮುಂದಿನದು ಕೊಟ್ಟ ವಸ್ತು: ಯಂತ್ರ. ಅಲ್ಲಿಂದ ಬಾಣ ಹಾರಿ ಬಲತುದಿಯ ಪೆಟ್ಟಿಗೆಗೆ ತಲುಪಬೇಕಿತ್ತು: ಮಗು ಮಾತು ಕಲಿಯಿತು. ಇಲಾಖೆಯ ಮೂಲ ನಕ್ಷೆಯಲ್ಲಿ ಈ ಎರಡು ಪೆಟ್ಟಿಗೆಗಳ ನಡುವೆ ಇದ್ದದ್ದು ‘ತಟ್ಟೆಯ ಸದ್ದಿಗೆ ತಿರುಗಿತು’ ಎಂಬ ಒಂದೇ ಮೆಟ್ಟಿಲು. ಅವರು ಅಲ್ಲಿ ಸೀಮೆಸುಣ್ಣದಿಂದ ಇನ್ನಷ್ಟು ಪೆಟ್ಟಿಗೆಗಳನ್ನು ತುರುಕಿದರು. ಮಗು ಎಚ್ಚರವಿರುವಷ್ಟು ಹೊತ್ತೂ ಯಂತ್ರ ಹಾಕಿಕೊಳ್ಳಬೇಕು. ಬ್ಯಾಟರಿ ಸಿಗುತ್ತಿರಬೇಕು. ಕಿವಿ ಬೆಳೆದಂತೆ ಕೆಲವು ತಿಂಗಳಿಗೊಮ್ಮೆ ಅಚ್ಚನ್ನು ಬದಲಿಸಬೇಕು. ಕೇಳಿದ ಸದ್ದು ಮಾತೆಂದು ಅರಿಯಲು ಯಾರಾದರೂ ಕಲಿಸಬೇಕು. ಪ್ರತಿಯೊಂದು ಬಾಣದ ಕೆಳಗೂ ಒಂದೊಂದು ನಂಬಿಕೆ ಅಡಗಿತ್ತು. ನಂಬಿಕೆ ಹುಸಿಯಾದರೆ ಬಾಣ ಅಲ್ಲಿಗೇ ಬೀಳುತ್ತದೆ.

ಶಿಬಿರವೊಂದಕ್ಕೆ ಹೋಗಿ ಅವರು ಮೊದಲು ಮಾಡಿದ ಕೆಲಸ ಬಹಳ ಸಣ್ಣದು. ಯಂತ್ರ ಹಾಕುವ ಮೊದಲೇ, ಬರಿಯ ಕಿವಿಯ ಮಕ್ಕಳ ಹಿಂದೆ ತಟ್ಟೆ ಬಾರಿಸಲು ಹೇಳಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಿರುಗಿದರು. ಬೆಂಚು ನಡುಗಿತ್ತು, ನೌಕರನ ನೆರಳು ಮುಂದೆ ಬಿದ್ದಿತ್ತು, ಎದುರಿಗೆ ಕೂತ ತಾಯಂದಿರ ಕಣ್ಣುಗಳೆಲ್ಲ ಒಮ್ಮೆಗೇ ಮೇಲೆದ್ದಿದ್ದವು. ಕಿವಿ ಕೇಳದ ಮಗು ಕಣ್ಣಿನಿಂದ ಬದುಕುತ್ತದೆ. ತಟ್ಟೆ ಹಿಡಿದಿದ್ದ ನೌಕರ ತಲೆ ಕೆರೆದುಕೊಂಡ.

“ಹಾಗಾದ್ರೆ ಇಷ್ಟು ದಿನ ನಾವು ಪರೀಕ್ಷೆ ಮಾಡಿದ್ದು ಬೆಂಚನ್ನಾ ಮೇಡಂ?”

ಆಮೇಲಮ್ಮನಿಗೆ ನಗು ಬರಲಿಲ್ಲ.

ಅನಂತರ ಅವರೂ ಅವರ ತಂಡದವರೂ ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಹೋದರು. ಹೆಚ್ಚಿನ ಮನೆಗಳಲ್ಲಿ ಯಂತ್ರವು ಕಪಾಟಿನ ಮೇಲಿನ ಖಾನೆಯಲ್ಲಿ, ಬಂದಾಗಿನ ಡಬ್ಬಿಯಲ್ಲೇ, ಬೆಲೆಬಾಳುವ ವಸ್ತುವೆಂಬ ಗೌರವದಲ್ಲಿ ಮಲಗಿತ್ತು. ಒಂದು ಮನೆಯ ಅಜ್ಜಿ ಅದನ್ನು ಇಳಿಸಿ, ಸೆರಗಿನಿಂದ ಒರೆಸಿ ತೋರಿಸಿದಳು.

“ಹಾಕಿದ್ರೆ ಕುಂಯ್ ಅಂತ ಕೂಗುತ್ತೆ ಕಣಮ್ಮ. ಮಗು ಅಳುತ್ತೆ. ತೆಗೆದ್ರೆ ನಗುತ್ತೆ. ನಾನು ಯಾರ ಮಾತು ಕೇಳ್ಲಿ, ಸರ್ಕಾರದ್ದೋ ಮೊಮ್ಮಗಂದೋ?”

“ಅಚ್ಚು ಚಿಕ್ಕದಾಗಿದೆ ಅಜ್ಜಿ. ಕಿವಿ ಬೆಳೆದಿದೆ. ಅದಕ್ಕೇ ಸದ್ದು ಹೊರಗೆ ಸೋರಿ ಕೂಗುತ್ತೆ.”

“ಕಿವಿ ಬೆಳೆಯುತ್ತೆ ಅಂತ ಕೊಡೋರಿಗೆ ಗೊತ್ತಿರಲಿಲ್ವಾ?”

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೂ ಅಲ್ಲಿರಲಿಲ್ಲ. ಮಕ್ಕಳ ಕಿವಿ ಬೆಳೆಯುತ್ತದೆ ಎಂಬ ಸರಳ ಸತ್ಯವನ್ನು ಮರೆತು ಎಂಟು ಸಾವಿರ ಯಂತ್ರಗಳನ್ನು ಹಂಚಿದ ಒಂದು ವ್ಯವಸ್ಥೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಆದರೂ ತುತ್ತುಗಳನ್ನು ಎಣಿಸಿ ಹೊಟ್ಟೆ ತುಂಬಿತೆಂದು ಘೋಷಿಸಲಾಗಿತ್ತು. ಹತ್ತರಲ್ಲಿ ಒಂದು ಮಗು ಮಾತ್ರ ಯಂತ್ರವನ್ನು ದಿನವೂ ಹಾಕಿಕೊಳ್ಳುತ್ತಿತ್ತು. ಮಾತು ಬಂದ ಮಕ್ಕಳು ಅದಕ್ಕಿಂತಲೂ ಕಡಿಮೆ.

ಒಂದು ಊರು ಮಾತ್ರ ಈ ಲೆಕ್ಕಕ್ಕೆ ಹೊಂದಲಿಲ್ಲ. ಹಿಂದಿನ ಯಾವುದೋ ಯೋಜನೆಯಿಂದ ಉಳಿದುಕೊಂಡಿದ್ದ ಮಾತು ಕಲಿಸುವ ಟೀಚರೊಬ್ಬರು ಅಲ್ಲಿದ್ದರು. ಈ ಕಾರ್ಯಕ್ರಮದ ‘ಇತರೆ’ ಎಂಬ ಖಾತೆಯಲ್ಲಿ ಅವರ ಸಂಬಳ ಯಾರ ಕಣ್ಣಿಗೂ ಬೀಳದೆ ನಡೆದುಕೊಂಡು ಹೋಗುತ್ತಿತ್ತು. ಆಸ್ಪತ್ರೆಯ ಹಿಂಭಾಗದ, ಹಳೆಯ ಮಂಚಗಳನ್ನು ಪೇರಿಸಿಟ್ಟ ಕೋಣೆಯೊಂದರ ಅರ್ಧ ಜಾಗದಲ್ಲಿ ಅವರು ವಾರಕ್ಕೆ ಮೂರು ದಿನ ಮಕ್ಕಳನ್ನೂ ತಾಯಂದಿರನ್ನೂ ಕೂರಿಸಿಕೊಳ್ಳುತ್ತಿದ್ದರು. ಅಚ್ಚು ಸಡಿಲವಾದರೆ ಅವರೇ ಹೊಸ ಅಳತೆ ತೆಗೆದು ಕಳುಹಿಸುತ್ತಿದ್ದರು. ಅಲ್ಲಿಯ ಇಪ್ಪತ್ತು ಚಿಲ್ಲರೆ ಮಕ್ಕಳಲ್ಲಿ ಬಹುಪಾಲು ಯಂತ್ರವನ್ನು ಚಪ್ಪಲಿಯಷ್ಟೇ ಸಹಜವಾಗಿ ಹಾಕಿಕೊಳ್ಳುತ್ತಿದ್ದವು.

ಅವರಲ್ಲಿ ಒಬ್ಬಳ ಹೆಸರು ಗುಬ್ಬಿ. ಮೂರೂವರೆ ವರ್ಷದ ಹುಡುಗಿ. ತಾಯಿ ದರ್ಜಿ, ಮಗಳನ್ನು ತಾನೊಬ್ಬಳೇ ಸಾಕುತ್ತಿದ್ದಳು. ಆಮೇಲಮ್ಮ ಹೋದ ದಿನ ಗುಬ್ಬಿ ಚಿತ್ರದ ಚೀಟಿಗಳನ್ನು ನೆಲಕ್ಕೆ ಹರಡಿ “ನೀ… ನೀಉ” ಎಂದು ಲೋಟದ ಚಿತ್ರವನ್ನು ಎತ್ತಿ ಹಿಡಿದಳು.

“ನೀರು,” ಎಂದರು ಟೀಚರ್, ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು, ತುಟಿ ಕಾಣದಂತೆ.

ಗುಬ್ಬಿ ತಲೆ ಓರೆ ಮಾಡಿ ಆಲಿಸಿದಳು. “ನೀಉ!”

“ಆರು ತಿಂಗಳ ಹಿಂದೆ ಇವಳ ಬಾಯಲ್ಲಿ ಒಂದು ಶಬ್ದ ಇರಲಿಲ್ಲ,” ಎಂದರು ಟೀಚರ್. “ಈಗ ನಲವತ್ತರ ಮೇಲಿದೆ. ಇವಳ ವಯಸ್ಸಿನವರು ವಾಕ್ಯ ಆಡ್ತಾರೆ, ಅದು ಬೇರೆ ಮಾತು. ಆದ್ರೆ ಈ ವಯಸ್ಸು ದಾಟಿದ್ರೆ ಮಿದುಳು ಕಲಿಯೋದು ಕಷ್ಟ ಆಗ್ತಾ ಹೋಗುತ್ತೆ. ಬಾಗಿಲು ಒಂದೇ ಸಲ ಮುಚ್ಚಲ್ಲ, ಸ್ವಲ್ಪ ಸ್ವಲ್ಪವೇ ಮುಚ್ಚುತ್ತೆ.”

ಆ ಮಧ್ಯಾಹ್ನ ಟೀಚರ್ ಮತ್ತು ದರ್ಜಿ ಇಬ್ಬರೂ ಆಮೇಲಮ್ಮನನ್ನು ಮಂಚಗಳ ಮರೆಗೆ ಕರೆದರು.

“ಅಕ್ಕ, ಒಂದು ಮಾತು,” ಎಂದಳು ದರ್ಜಿ. ಅವಳ ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ಇನ್ನೂ ನೇತಾಡುತ್ತಿತ್ತು. “ನೀವು ಎಲ್ಲಾ ಕಡೆ ಹೋಗಿ ಬಂದಿದ್ದೀರಂತೆ. ಉಳಿದ ಊರಲ್ಲಿ ಮೆಷಿನ್ ಕಪಾಟಲ್ಲಿದೆಯಂತೆ. ಅದನ್ನ ಬರೀಬೇಡಿ.”

“ಯಾಕಮ್ಮ?”

“ಬರೆದ್ರೆ ಎಲ್ಲಾ ಮುಚ್ತಾರೆ. ನಮ್ಮ ಬೀದೀಲಿ ಮಕ್ಕಳನ್ನ ನೋಡ್ಕೊಳ್ಳೋ ಕೇಂದ್ರ ಇತ್ತು. ಯಾರೋ ಬಂದು ‘ಉಪಯೋಗ ಕಾಣ್ತಿಲ್ಲ’ ಅಂತ ಬರೆದ್ರು. ಸರಿ ಮಾಡ್ತಾರೆ ಅಂದ್ಕೊಂಡ್ವಿ. ಬೀಗ ಹಾಕಿದ್ರು.”

ಟೀಚರ್ ದನಿ ತಗ್ಗಿಸಿದರು. “ಮೇಡಂ, ನನ್ನ ಕೆಲಸ ಹೋಗುತ್ತೆ ಅಂತಲ್ಲ. ಹೋಗುತ್ತೆ, ಅದೂ ನಿಜ. ‘ತೃಪ್ತಿಕರ’ ಅಂತ ಒಂದು ಪದ ಬರೆದುಬಿಡಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಯಾರಿಗೂ ಪೂರ್ತಿ ಸುಳ್ಳಲ್ಲ. ನಾವು ಹೀಗೇ ಕಣ್ಣಿಗೆ ಬೀಳದೆ ನಡೆಸ್ಕೊಂಡು ಹೋಗ್ತೀವಿ.”

“ಆಮೇಲೆ? ಇನ್ನೂ ಎಂಟು ಸಾವಿರ ಮೆಷಿನ್ ಕಪಾಟು ಸೇರುತ್ತೆ. ಆ ಮಕ್ಕಳೂ ಮಕ್ಕಳೇ ಅಲ್ವಾ?”

“ಅವರು ಯಾರೂ ನನಗೆ ಗೊತ್ತಿಲ್ಲ ಅಕ್ಕ,” ಎಂದಳು ದರ್ಜಿ. “ಗುಬ್ಬಿ ಗೊತ್ತು.”

ಅವಳು ಸ್ವಾರ್ಥಿ ಎಂದು ಯಾರೂ ಹೇಳಲಾರರು. ತಾಯಿಗೆ ತನ್ನ ಮಗುವನ್ನು ಉಳಿಸಲು ಸುಳ್ಳನ್ನು ಬೇಡಬೇಕಾದ ಸ್ಥಿತಿಯನ್ನು ತಂದಿಟ್ಟವರೇ ಆ ಪಾಪಕ್ಕೆ ಹೊಣೆ. ಆಮೇಲಮ್ಮ ಅವಳ ಕೈ ಹಿಡಿದು, “ನಿಜವನ್ನೇ ಬರೀತೀನಿ. ಆದ್ರೆ ಈ ಕ್ಲಾಸನ್ನ ಉಳಿಸೋ ಹಾಗೆ ಬರೀತೀನಿ,” ಎಂದರು. ಅವರು ಅದನ್ನು ನಂಬಿಯೇ ಹೇಳಿದರು. ಸತ್ಯವನ್ನು ಸರಿಯಾಗಿ ಜೋಡಿಸಿಟ್ಟರೆ ಓದುವವರು ಸರಿಯಾದ ತೀರ್ಮಾನಕ್ಕೇ ಬರುತ್ತಾರೆ ಎಂಬುದು ಅವರಿಗೆ ಪಾಠಶಾಲೆಯಿಂದಲೂ ಬಂದ ವಿಶ್ವಾಸ.

ವರದಿಯನ್ನು ಅವರು ಮೂರು ಬಾರಿ ತಿದ್ದಿ ಬರೆದರು. ಕಾರ್ಯಕ್ರಮ ಸೋಲುವುದಕ್ಕೆ ಎರಡು ಬಗೆಯಿದೆ ಎಂದು ಬಿಡಿಸಿಟ್ಟರು. ತರ್ಕವೇ ತಪ್ಪಾಗಿರಬಹುದು, ಎಲ್ಲವನ್ನೂ ಸರಿಯಾಗಿ ಮಾಡಿದರೂ ಫಲ ಬರುವುದಿಲ್ಲ. ಅಥವಾ ತರ್ಕ ಸರಿಯಿದ್ದು, ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿರಬಹುದು. ಇಲ್ಲಿ ಆಗಿರುವುದು ಎರಡನೆಯದು ಎಂದೂ, ಸರಪಳಿ ತುಂಡಾದದ್ದು ಯಂತ್ರ ಕೊಟ್ಟ ಮೇಲೆ ಎಂದೂ, ತುಂಡಾಗದ ಒಂದೇ ಊರಿನಲ್ಲಿ ಮಕ್ಕಳು ಮಾತನಾಡುತ್ತಿದ್ದಾರೆ ಎಂದೂ ಬರೆದರು.

ಸಭೆ ಬೆಳಿಗ್ಗೆ ಸೇರಿತು. ಉದ್ದನೆಯ ಮೇಜಿನ ಒಂದು ಕಡೆ ನಿರ್ದೇಶಕರು; ಎದುರಿಗೆ ಹಣಕಾಸಿನ ಕಾರ್ಯದರ್ಶಿ. ಈತ ಎಲ್ಲ ವರದಿಗಳನ್ನೂ ಕೊನೆಯ ಪುಟದಿಂದ ಓದುವ ಮನುಷ್ಯ.

“ಒಂದೇ ಸಾಲಲ್ಲಿ ಹೇಳಿ ಮೇಡಂ. ಮಕ್ಕಳಿಗೆ ಮಾತು ಬಂತಾ, ಇಲ್ವಾ?”

“ಬಹುಪಾಲು ಬಂದಿಲ್ಲ. ಆದ್ರೆ…”

“ಬಂದಿಲ್ಲ,” ಎಂದು ಅವರು ಬರೆದುಕೊಂಡರು.

“ದಯವಿಟ್ಟು ‘ಆದ್ರೆ’ನೂ ಬರ್ಕೊಳ್ಳಿ ಸಾರ್. ಮೆಷಿನ್ ತಪ್ಪಲ್ಲ. ಮೆಷಿನ್ ಕೊಟ್ಟ ಮೇಲೆ ಯಾರೂ ಹಿಂತಿರುಗಿ ನೋಡಲಿಲ್ಲ, ಅದು ತಪ್ಪು. ಅಚ್ಚು ಬದಲಿಸಿ ಕಲಿಸಿದ ಊರಲ್ಲಿ ನೋಡಿ…”

“ನೋಡಿದೆ. ಇಪ್ಪತ್ತು ಮಕ್ಕಳು,” ಎಂದರು ಕಾರ್ಯದರ್ಶಿ. ಅವರ ದನಿಯಲ್ಲಿ ತಿರಸ್ಕಾರವಿರಲಿಲ್ಲ. “ಆ ಊರಿನ ತಾಯಂದಿರು ಮೊದಲೇ ಹುರುಪಿನವರು ಇರಬಹುದು. ವಾರಕ್ಕೆ ಮೂರು ದಿನ ಕೆಲಸ ಬಿಟ್ಟು ಬರೋರು ಅಂದ್ರೆ, ಕ್ಲಾಸಿಲ್ಲದಿದ್ರೂ ಮಗುಗೆ ಕಲಿಸ್ತಿದ್ರೇನೋ. ಮಾತು ಬಂದಿದ್ದು ಕ್ಲಾಸಿಂದಲೇ ಅಂತ ಖಚಿತವಾಗಿ ಹೇಳ್ತೀರಾ?”

ಪ್ರಶ್ನೆ ನ್ಯಾಯವಾಗಿತ್ತು. ಅದೇ ಪ್ರಶ್ನೆಯನ್ನು ಆಮೇಲಮ್ಮ ತಮ್ಮ ವರದಿಯಲ್ಲಿ ತಾವೇ ಎತ್ತಿದ್ದರು. ಒಂದು ‘ಹೌದು’ ಸಾಕಿತ್ತು. ಮೇಜಿನ ಸುತ್ತ ಯಾರಿಗೂ ಅದನ್ನು ಅಲ್ಲಗಳೆಯುವಷ್ಟು ಗೊತ್ತಿರಲಿಲ್ಲ. ಗುಬ್ಬಿ ತಲೆ ಓರೆ ಮಾಡಿ ಆಲಿಸಿದ ಬಗೆ ಅವರ ಕಣ್ಣ ಮುಂದೆ ಬಂತು.

“ಖಚಿತವಾಗಿ ಹೇಳೋಕಾಗಲ್ಲ,” ಎಂದರು ಅವರು. “ಶುರುವಿನಲ್ಲಿ ಯಾವ ಮಗುವಿಗೆ ಎಷ್ಟು ಮಾತಿತ್ತು ಅಂತ ನಾವು ಅಳೆದೇ ಇಲ್ಲ. ಕ್ಲಾಸಿಂದಲೇ ಅನ್ನೋಕೆ ಬಲವಾದ ಕಾರಣ ಇದೆ, ಪೂರ್ತಿ ಸಾಕ್ಷಿ ಇಲ್ಲ. ಅದಕ್ಕೇ ಒಂದು ದಾರಿ ಹೇಳಿದ್ದೀನಿ. ಚೀಟಿ ಎತ್ತಿ ಒಂದಿಷ್ಟು ಊರಲ್ಲಿ ಈಗಲೇ ಕ್ಲಾಸು ಶುರು ಮಾಡಿ, ಇನ್ನೊಂದಿಷ್ಟರಲ್ಲಿ ಮುಂದಿನ ವರ್ಷ ಶುರು ಮಾಡಿ. ಎರಡನ್ನೂ ಹೋಲಿಸಿ. ಆಗ ಗೊತ್ತಾಗುತ್ತೆ. ಅಲ್ಲಿವರೆಗೂ ಇರೋ ಕ್ಲಾಸನ್ನ ಮುಟ್ಟಬೇಡಿ.”

“ಅಂದ್ರೆ ಎಂಟು ಸಾವಿರಕ್ಕೆ ಫಲ ಇಲ್ಲ ಅಂತ ಖಚಿತ, ಇಪ್ಪತ್ತಕ್ಕೆ ಫಲ ಇದೆ ಅಂತ ಖಚಿತ ಇಲ್ಲ. ಅದಕ್ಕೆ ಇನ್ನೂ ಖರ್ಚು ಮಾಡಿ ಅಂತೀರಿ.”

“ನೆಗಡಿ ಬಂತು ಅಂತ ಮೂಗು ಕೊಯ್ಯಬೇಡಿ ಅಂತೀನಿ ಸಾರ್! ಬಾವಿಯ ಹಗ್ಗ ನೀರು ಮುಟ್ಟಲಿಲ್ಲ ಅಂದ್ರೆ ಹಗ್ಗ ಉದ್ದ ಮಾಡ್ತಾರೆ. ಬಾವಿ ಮುಚ್ತಾರಾ?”

ಯಾರೋ ಕೆಮ್ಮಿದರು. ನಿರ್ದೇಶಕರು ಆಮೇಲಮ್ಮನ ಮುಖ ನೋಡಲಿಲ್ಲ. ಗೋಡೆಯ ಮೇಲಿನ ವಾಕ್ಯವನ್ನು ಕಳೆದುಕೊಂಡ ಅವಮಾನ ಅವರನ್ನು ಬಾಗಿಸಿತ್ತು. ತಪ್ಪನ್ನು ತಿದ್ದುವುದಕ್ಕಿಂತ, ತಪ್ಪಿನ ಗುರುತೇ ಇಲ್ಲದಂತೆ ಮಾಡುವುದು ಅವರಿಗೆ ಆ ಕ್ಷಣದಲ್ಲಿ ಹಗುರವೆನಿಸಿತು.

“ಕಾರ್ಯಕ್ರಮ ಪರಿಣಾಮ ಕೊಟ್ಟಿಲ್ಲ ಅನ್ನೋದನ್ನ ಒಪ್ತೀವಿ,” ಎಂದರು ಅವರು ಮೆಲ್ಲಗೆ. “ಈ ತಿಂಗಳ ಕೊನೆಗೆ ಮುಚ್ಚೋಣ.”

“‘ಇತರೆ’ ಖಾತೆ?” ಎಂದು ಕೇಳಿದರು ಕಾರ್ಯದರ್ಶಿ.

“ಅದೂ ಸೇರಿ.”

ಆಮೇಲಮ್ಮ ಎದ್ದು ನಿಂತರು. ಟೀಚರ್ ಒಬ್ಬರ ಸಂಬಳವನ್ನಾದರೂ ಬೇರೆಡೆಯಿಂದ ಕೊಡಿ ಎಂದರು. ಒಂದು ವರ್ಷ ಎಂದರು. ಆರು ತಿಂಗಳು ಎಂದರು. ಜೀವಮಾನದಲ್ಲಿ ಯಾರ ಮುಂದೆಯೂ ಕೈಚಾಚದಿದ್ದ ಹೆಂಗಸು, ಬೆಲೆ ಇಳಿಸುತ್ತಾ ಹೋಗುವ ಬೀದಿ ವ್ಯಾಪಾರಿಯಂತೆ, ಮಕ್ಕಳ ಕಾಲವನ್ನು ತಿಂಗಳು ತಿಂಗಳಾಗಿ ಕಡಿಮೆ ಮಾಡುತ್ತಾ ಬೇಡಿದರು. ಕಾರ್ಯದರ್ಶಿ ಕನಿಕರದಿಂದಲೇ ಮುಂದಿನ ವಿಷಯದ ಕಡತವನ್ನು ತೆರೆದರು.

ದರ್ಜಿಯ ಅಂಗಡಿ ಮೆಟ್ಟಿಲ ಕೆಳಗಿನ ಕಿರಿದಾದ ಜಾಗ. ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು. ಗುಬ್ಬಿ ಬಟ್ಟೆಯ ಚೂರುಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುತ್ತಾ ಕೂತಿದ್ದಳು. ಆಮೇಲಮ್ಮ ಬಂದದ್ದನ್ನು ಕಂಡು ದರ್ಜಿ ಪೆಡಲಿನ ಮೇಲಿನ ಕಾಲನ್ನು ನಿಲ್ಲಿಸಿದಳು. ಮುಖ ನೋಡಿದರೆ ಸಾಕಾಗಿತ್ತು. ಆದರೂ ಆಮೇಲಮ್ಮ ಬಾಯಿಬಿಟ್ಟು ಹೇಳಿದರು. ಬೇರೆಯವರಿಂದ ತಿಳಿಯುವುದು ನ್ಯಾಯವಲ್ಲ ಎನಿಸಿ ತಾವೇ ಬಂದಿದ್ದರು.

ದರ್ಜಿ ಸೂಜಿಯಿಂದ ದಾರವನ್ನು ಎಳೆದು, ಮತ್ತೆ ಪೋಣಿಸಿ, ಮತ್ತೆ ಎಳೆದಳು.

“ಟೀಚರ್ ಎಲ್ಲಿ ಹೋಗ್ತಾರಂತೆ?”

“ಅವರ ಅಣ್ಣನ ಊರಿಗೆ. ಅಲ್ಲಿ ಖಾಸಗಿ ಆಸ್ಪತ್ರೇಲಿ ಕೆಲಸ ಇದೆಯಂತೆ.”

“ಈ ಅಚ್ಚು ಎಷ್ಟು ದಿನ ಬರುತ್ತೆ?”

“ಮೂರು ತಿಂಗಳು. ನಾಲ್ಕಾದ್ರೂ ಆಗಬಹುದು.”

“ಆಮೇಲೆ?” ಎಂದಳು ದರ್ಜಿ.

ಜೀವನವಿಡೀ ಇತರರನ್ನು ಕೇಳಿದ ಪ್ರಶ್ನೆ ಈಗ ಆಮೇಲಮ್ಮನ ಎದುರೇ ನಿಂತಿತ್ತು. ದೊಡ್ಡ ನಗರದ ಆಸ್ಪತ್ರೆಯ ಹೆಸರು ಹೇಳಿದರು. ಒಂದು ದಿನದ ಪ್ರಯಾಣ. ಇಬ್ಬರಿಗೂ ಗೊತ್ತಿತ್ತು, ಅದು ಉತ್ತರವಲ್ಲ.

“ಒಂದು ಕೇಳ್ತೀನಿ, ನಿಜ ಹೇಳಿ ಅಕ್ಕ. ನಾನು ಹೇಳಿದ ಹಾಗೆ ನೀವು ಸುಳ್ಳು ಬರೆದಿದ್ರೆ, ಗುಬ್ಬಿ ಕ್ಲಾಸು ಉಳೀತಿತ್ತಾ?”

ಬೀದಿಯಲ್ಲಿ ಯಾರೋ ಗಾಡಿ ನಿಲ್ಲಿಸಿ ಗಂಟೆ ಬಾರಿಸಿದರು. ಇಲ್ಲ ಎನ್ನಬಹುದಿತ್ತು. ಹೇಗಿದ್ದರೂ ಮುಚ್ಚುತ್ತಿದ್ದರು ಎನ್ನಬಹುದಿತ್ತು. ತಾಯಿಗೂ ಅದರಿಂದ ಸ್ವಲ್ಪ ನೆಮ್ಮದಿಯಾಗುತ್ತಿತ್ತು.

“ಉಳೀತಿತ್ತು,” ಎಂದರು ಆಮೇಲಮ್ಮ.

ದರ್ಜಿ ತಲೆಯಾಡಿಸಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಆಮೇಲಮ್ಮನಿಗೆ ನಿಲ್ಲಲು ಒಂದಿಷ್ಟು ನೆಲ ಸಿಗುತ್ತಿತ್ತು.

“ಹಾಗಾದ್ರೆ ಇದನ್ನೂ ಬರೀರಿ.”

“ಏನಂತ?”

“ನಿಜ ಬರೆದಿದ್ದಕ್ಕೆ ಯಾರು ತೆತ್ತರು ಅಂತ. ಅವತ್ತು ಟೀಚರಿಗೆ ಬರೆದು ತೋರಿಸಿದ್ರಲ್ಲ, ಆ ಪೆಟ್ಟಿಗೆ ಚಿತ್ರದಲ್ಲಿ ಅದಕ್ಕೂ ಒಂದು ಪೆಟ್ಟಿಗೆ ಮಾಡಿ. ವರದಿ ಕೊಟ್ಟಿರಿ. ಅದರಿಂದ ಏನಾಯ್ತು ಅಂತ ಬರೀರಿ.”

ಆಮೇಲಮ್ಮ ಸ್ಟೂಲಿನ ಮೇಲೆ ಕೂತರು. ತಮ್ಮ ವೃತ್ತಿಯೂ ಒಂದು ಕಾರ್ಯಕ್ರಮವೇ, ವರದಿಯೆಂಬುದು ತಾವು ಕೊಟ್ಟ ವಸ್ತುವಷ್ಟೇ ಎಂಬುದು ಅವರಿಗೆ ಈವರೆಗೆ ಹೊಳೆದಿರಲಿಲ್ಲ. ವರದಿ ಓದಿದವರು ಸರಿಯಾಗಿ ನಡೆಯುತ್ತಾರೆ ಎಂಬ ಬಾಣವನ್ನು ಅವರೂ ಪರೀಕ್ಷಿಸದೆಯೇ ಎಳೆದಿದ್ದರು. ಆದರೂ, ಬರೆದದ್ದನ್ನು ಅಳಿಸಬೇಕೆಂದು ಅವರಿಗೆ ಅನಿಸಲಿಲ್ಲ. ಕಪಾಟಿನ ಮೇಲೆ ಮಲಗಿದ ಸಾವಿರಾರು ಡಬ್ಬಿಗಳು ಅದಕ್ಕೆ ಅವಕಾಶ ಕೊಡಲಿಲ್ಲ. ಸತ್ಯ ತಪ್ಪಾಗಿರಲಿಲ್ಲ. ಅದರ ಬೆಲೆಯನ್ನು ತೆರಬಾರದವರು ತೆತ್ತಿದ್ದರು, ಮತ್ತು ಇದಕ್ಕೆ ಜಗತ್ತಿನ ಯಾವ ಮೇಜಿನ ಎದುರೂ ಕ್ಷಮೆಯಿಲ್ಲ.

ಅವರು ಚೀಲದಿಂದ ಕಾಗದ ತೆಗೆದು ಅಲ್ಲಿಯೇ, ಕತ್ತರಿಸಿದ ಬಟ್ಟೆಯ ರಾಶಿಯನ್ನು ಒತ್ತಟ್ಟಿಗೆ ಸರಿಸಿ, ಬರೆಯತೊಡಗಿದರು. ಯಾರಿಗೆ ಕಳುಹಿಸುವುದೆಂದು ಇನ್ನೂ ಗೊತ್ತಿರಲಿಲ್ಲ. ಕಾರ್ಯದರ್ಶಿಗಿಂತ ಮೇಲಿನವರಿಗೆ, ಅವರು ಓದದಿದ್ದರೆ ಅವರಿಗಿಂತ ಮೇಲಿನವರಿಗೆ, ಪತ್ರಿಕೆಗಳಿಗೆ, ಯಾರೂ ಓದದಿದ್ದರೆ ಮತ್ತೆ ಮೊದಲಿನಿಂದ. ದರ್ಜಿ ಹೊಲಿಗೆ ಯಂತ್ರ ತುಳಿಯಲು ಶುರು ಮಾಡಿದಳು. ಸಮವಸ್ತ್ರ ನಾಳೆಗೆ ಕೊಡಬೇಕಿತ್ತು.

ಗುಬ್ಬಿ ಎದ್ದು ಬಂದು ಕಾಗದದ ಮೇಲೆ ಓಡುವ ಪೆನ್ನನ್ನು ನೋಡಿದಳು. ಅದಕ್ಕೆ ಏನೆನ್ನುತ್ತಾರೆಂದು ಅವಳಿಗೆ ಇನ್ನೂ ಯಾರೂ ಕಲಿಸಿರಲಿಲ್ಲ. ಬೆರಳು ತೋರಿಸಿ, ಬಾಯಿ ತೆರೆದು, ಶಬ್ದಕ್ಕಾಗಿ ಕಾದು ನಿಂತಳು.